ಫೋನಿನ ದಿಕ್ಸೂಚಿ ತೋರಿಸುವುದು ಯಾವ ಉತ್ತರ? ನಕ್ಷೆಯ ಬೇರಿಂಗ್‌ಗೆ ದಿಕ್ಪಾತವನ್ನು ಒಂದೇ ಸಲ ಸರಿಪಡಿಸುವ ಕ್ರಮ

ಮಂಜು ಕವಿದ ಬಯಲಿನಲ್ಲಿ ನಾವಿಬ್ಬರು ಒಂದು ಸರೋವರದ ಕೋಡಿಯನ್ನು ಹುಡುಕುತ್ತಾ ಹೊರಟಿದ್ದೆವು. ದೂರ 1.8 ಕಿಲೋಮೀಟರ್. ನಕ್ಷೆಯ ಮೇಲೆ ಕೋನಮಾಪಕವಿಟ್ಟು ಬೇರಿಂಗ್ ಅಳೆದೆ, ಅಂದರೆ ಗುರಿಯು ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಎಂದು ಎಣಿಸಿದೆ. ಭೂಮಿಯ ಉತ್ತರಕ್ಕೂ ಸೂಜಿ ತೋರಿಸುವ ಉತ್ತರಕ್ಕೂ ನಡುವಿನ ಕೋನವಾದ ದಿಕ್ಪಾತವನ್ನು ನಕ್ಷೆಯ ಅಂಚಿನಲ್ಲಿ ನೋಡಿ 12 ಡಿಗ್ರಿ ಕಳೆದೆ, ಬಂದ 53 ಡಿಗ್ರಿಯನ್ನು ಫೋನಿನ ದಿಕ್ಸೂಚಿಯಲ್ಲಿ ಹಿಡಿದು ನಡೆದೆ. ಅರ್ಧ ಗಂಟೆಯ ಮೇಲೆ ಸಿಕ್ಕಿದ್ದು ಕೋಡಿಯಲ್ಲ, ಮೊಣಕಾಲುದ್ದದ ಜೌಗು. ಗೆಳೆಯ ಚೀಲದಿಂದ ತನ್ನ ಸಾದಾ ಸೂಜಿಯ ದಿಕ್ಸೂಚಿಯನ್ನು ತೆಗೆದು ನೋಡಿದ. ನನ್ನ ಫೋನು 53 ಎನ್ನುತ್ತಿದ್ದ ದಿಕ್ಕಿಗೆ ಅವನದು 41 ಎನ್ನುತ್ತಿತ್ತು. ಎರಡು ಉಪಕರಣಗಳೂ ಸರಿಯಾಗಿದ್ದವು. ಫೋನು ತಾನಾಗಿಯೇ ಕಳೆದಿದ್ದ ಲೆಕ್ಕವನ್ನು ನಾನು ಇನ್ನೊಮ್ಮೆ ಕಳೆದಿದ್ದೆ.

ದಿಕ್ಪಾತದ ಬಗ್ಗೆ ಬರೆದ ಬಹುತೇಕ ಸೂಚನೆಗಳು ಸೂಜಿಯ ದಿಕ್ಸೂಚಿಗಾಗಿ ಬರೆದವು. ಸೂಜಿಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂಬುದು ತಿಳಿಯದು. ಅದು ಎಂದಿಗೂ ಕಾಂತೀಯ ಉತ್ತರವನ್ನೇ ತೋರಿಸುತ್ತದೆ. ಫೋನಿಗೆ ತನ್ನ ಸ್ಥಳ ತಿಳಿದಿರುತ್ತದೆ. ಆದ್ದರಿಂದ ಅದು ಕೆಲವೊಮ್ಮೆ ತಿದ್ದಿದ ಅಂಕಿಯನ್ನು ಕೊಡುತ್ತದೆ, ಕೆಲವೊಮ್ಮೆ ತಿದ್ದದ ಅಂಕಿಯನ್ನು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ತೊಡಕೆಲ್ಲ ಇರುವುದು ಇಲ್ಲಿ.

ಮೂರು ಉತ್ತರಗಳು

ಭೂಮಿಯ ಭೌಗೋಳಿಕ ಉತ್ತರ ಧ್ರುವದ ಕಡೆಗಿರುವುದು ನಿಜ ಉತ್ತರ. ದಿಕ್ಸೂಚಿಯ ಸೂಜಿ ನಿಲ್ಲುವ ಕಡೆಗಿರುವುದು ಕಾಂತೀಯ ಉತ್ತರ. ಇವೆರಡರ ನಡುವಿನ ಕೋನವೇ ದಿಕ್ಪಾತ. ಕಾಂತೀಯ ಉತ್ತರವು ನಿಜ ಉತ್ತರದ ಬಲಕ್ಕಿದ್ದರೆ ಅದು ಪೂರ್ವ ದಿಕ್ಪಾತ, ಎಡಕ್ಕಿದ್ದರೆ ಪಶ್ಚಿಮ ದಿಕ್ಪಾತ. ಲೆಕ್ಕದಲ್ಲಿ ಪೂರ್ವವನ್ನು ಧನ, ಪಶ್ಚಿಮವನ್ನು ಋಣ ಎಂದು ಹಿಡಿಯುತ್ತಾರೆ.

ಮೂರನೆಯದು ಗ್ರಿಡ್ ಉತ್ತರ, ಅಂದರೆ ನಕ್ಷೆಯ ಮೇಲೆ ಅಚ್ಚಾಗಿರುವ ಚೌಕಗಳ ಲಂಬ ಗೆರೆಗಳು ತೋರಿಸುವ ದಿಕ್ಕು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಚೌಕಗಳಾಗಿ ಹರಡಿದಾಗ ಈ ಗೆರೆಗಳು ಎಲ್ಲೆಡೆಯೂ ನಿಜ ಉತ್ತರಕ್ಕೆ ಸಮನಾಗಿರಲು ಸಾಧ್ಯವಿಲ್ಲ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಚೌಕ ಹಾಕುವ ಯುಟಿಎಂ ಗ್ರಿಡ್ ಇರುವ ನಕ್ಷೆಗಳಲ್ಲಿ ಈ ವ್ಯತ್ಯಾಸ ವಲಯದ ನಡುಗೆರೆಯ ಮೇಲೆ ಸೊನ್ನೆ. ಅಂಚಿನ ಕಡೆಗೆ ಹೋದಂತೆ ಬೆಳೆಯುತ್ತದೆಯಾದರೂ ಸಾಮಾನ್ಯ ವಲಯಗಳಲ್ಲಿ ಮೂರು ಡಿಗ್ರಿಯನ್ನು ದಾಟುವುದಿಲ್ಲ. ಇದನ್ನು ಗ್ರಿಡ್ ಓರೆ ಎಂದು ಕರೆಯೋಣ.

ಮೂರೂ ಒಂದೇ ಗೆರೆಯಲ್ಲಿ ಬರುವುದು ಅಪರೂಪ. 2022ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲ್ಯಾಂಗ್ಟನ್ ಮ್ಯಾಟ್ರಾವರ್ಸ್ ಎಂಬ ಹಳ್ಳಿಯ ಬಳಿ ಮೂರು ಉತ್ತರಗಳೂ ಕೂಡಿದಾಗ ಅದು ಸುದ್ದಿಯಾಯಿತು. ಅಂಥ ಜಾಗದಲ್ಲಿ ನಿಂತವನಿಗೆ ಈ ಬರಹ ಬೇಕಿಲ್ಲ.

ಮೊದಲು ಫೋನನ್ನು ಪರೀಕ್ಷಿಸಿ

ನಕ್ಷೆಯನ್ನು ಬಿಡಿಸುವುದಕ್ಕಿಂತ ಮೊದಲೇ ಈ ಕೆಲಸ ಮುಗಿಯಬೇಕು. ಐಫೋನಿನ ದಿಕ್ಸೂಚಿಗೆ ಸೆಟ್ಟಿಂಗ್ಸ್‌ನಲ್ಲಿ `Use True North` ಎಂಬ ಆಯ್ಕೆಯಿದೆ. ಅದು ಚಾಲೂ ಇದ್ದು ಸ್ಥಳ ಸೇವೆಯೂ ಚಾಲೂ ಇದ್ದರೆ ಪರದೆಯ ಅಂಕಿ ನಿಜ ಉತ್ತರದಿಂದ ಎಣಿಸಿದ್ದು. ಸ್ಥಳ ಸೇವೆ ಮುಚ್ಚಿದ್ದರೆ ಫೋನಿಗೆ ದಿಕ್ಪಾತ ಎಷ್ಟೆಂದು ತಿಳಿಯುವ ದಾರಿಯೇ ಇಲ್ಲದ ಕಾರಣ ಕಾಂತೀಯ ಅಂಕಿಯೇ ಸಿಗುತ್ತದೆ. ಬ್ಯಾಟರಿ ಉಳಿಸಲೆಂದು ಸ್ಥಳ ಸೇವೆಯನ್ನು ಮುಚ್ಚಿಟ್ಟು ನಡೆಯುವವರು ಇದನ್ನು ಗಮನಿಸಬೇಕು: ಆಯ್ಕೆ ಚಾಲೂ ಇದೆಯೆಂಬ ಒಂದೇ ಕಾರಣಕ್ಕೆ ಅಂಕಿ ನಿಜ ಉತ್ತರದ್ದಾಗಿಬಿಡುವುದಿಲ್ಲ.

ಆಂಡ್ರಾಯ್ಡ್ ಫೋನುಗಳಲ್ಲಿ ಒಂದೇ ಕ್ರಮ ಇಲ್ಲ. ಅಲ್ಲಿ ಸಂವೇದಕಗಳಿಂದ ಬರುವ ದಿಕ್ಕು ಕಾಂತೀಯ ಉತ್ತರದಿಂದ ಎಣಿಸಿದ್ದು. ಅದನ್ನು ತಿದ್ದಬೇಕೆಂದರೆ ಆ್ಯಪ್ ಬರೆದವರು `GeomagneticField` ಎಂಬ ಸೌಲಭ್ಯವನ್ನು ಕರೆದು ದಿಕ್ಪಾತವನ್ನು ಸೇರಿಸಬೇಕು. ಕೆಲವರು ಸೇರಿಸಿರುತ್ತಾರೆ, ಕೆಲವರು ಸೇರಿಸಿರುವುದಿಲ್ಲ, ಇನ್ನು ಕೆಲವರು ಆಯ್ಕೆಯನ್ನು ನಮಗೇ ಬಿಟ್ಟಿರುತ್ತಾರೆ. ಒಂದೇ ಫೋನಿನ ಎರಡು ಆ್ಯಪ್‌ಗಳು ಬೇರೆ ಬೇರೆ ಅಂಕಿಯನ್ನು ತೋರಿಸಿದರೆ ಫೋನು ಕೆಟ್ಟಿದೆ ಎಂದುಕೊಳ್ಳುವ ಮುನ್ನ, ಆ ವ್ಯತ್ಯಾಸ ನಿಮ್ಮ ಪ್ರದೇಶದ ದಿಕ್ಪಾತದಷ್ಟೇ ಇದೆಯೇ ಎಂದು ನೋಡಿ.

ಸೆಟ್ಟಿಂಗ್ಸ್ ಓದಿ ನಂಬುವುದಕ್ಕಿಂತ ಪರೀಕ್ಷಿಸಿ ನಂಬುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕಬ್ಬಿಣದ ಕಾಲುಗಳಿಲ್ಲದ ಮರದ ಮೇಜು ಅಥವಾ ಬಯಲಿನ ಚಪ್ಪಟೆ ಕಲ್ಲಿನ ಮೇಲೆ ಫೋನನ್ನು ಮಲಗಿಸಿ, ಅಂಕಿಯನ್ನು ಬರೆದುಕೊಳ್ಳಿ. ಫೋನನ್ನು ಅಲುಗಿಸದೆ ನಿಜ ಉತ್ತರದ ಆಯ್ಕೆಯನ್ನು ಬದಲಿಸಿ ಮತ್ತೆ ನೋಡಿ. ಅಂಕಿ ದಿಕ್ಪಾತದಷ್ಟು ಜಿಗಿದರೆ ಆಯ್ಕೆ ನಿಜವಾಗಿಯೂ ಕೆಲಸ ಮಾಡುತ್ತಿದೆ. ಕಾಂತೀಯದಿಂದ ನಿಜ ಉತ್ತರಕ್ಕೆ ಬದಲಿಸಿದಾಗ ಪೂರ್ವ ದಿಕ್ಪಾತದ ಪ್ರದೇಶದಲ್ಲಿ ಅಂಕಿ ಹೆಚ್ಚಬೇಕು, ಪಶ್ಚಿಮದಲ್ಲಿ ಕಡಿಮೆಯಾಗಬೇಕು. ಜಿಗಿಯದಿದ್ದರೆ ಫೋನಿಗೆ ಸ್ಥಳ ಸಿಕ್ಕಿಲ್ಲ, ಇಲ್ಲವೇ ಆ ಪ್ರದೇಶದ ದಿಕ್ಪಾತವೇ ಸೊನ್ನೆಗೆ ಹತ್ತಿರವಿದೆ.

ಆ್ಯಪ್‌ನಲ್ಲಿ ಆಯ್ಕೆಯೇ ಇಲ್ಲದಿದ್ದರೆ ಆಕಾಶವನ್ನು ಕೇಳಬಹುದು. ಉತ್ತರಾರ್ಧ ಗೋಳದಲ್ಲಿ ಧ್ರುವ ನಕ್ಷತ್ರವು ಆಕಾಶದ ಉತ್ತರ ಧ್ರುವದಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. ಅದರ ನೇರ ಕೆಳಗಿನ ದಿಗಂತದ ಕಡೆಗೆ ಫೋನಿನ ತಲೆಯನ್ನು ತಿರುಗಿಸಿ, ಚಪ್ಪಟೆಯಾಗಿ ಹಿಡಿದು ಓದಿ. ಅಂಕಿ 0 ಅಥವಾ 360ರ ಆಸುಪಾಸು ಬಂದರೆ ಆ್ಯಪ್ ನಿಜ ಉತ್ತರವನ್ನು ತೋರಿಸುತ್ತಿದೆ. 12 ಡಿಗ್ರಿ ಪೂರ್ವ ದಿಕ್ಪಾತವಿರುವಲ್ಲಿ ಅದು 348ರ ಸುತ್ತ ಬಂದರೆ ಕಾಂತೀಯ. ಹಗಲಿನಲ್ಲಾದರೆ ನಕ್ಷೆಯಲ್ಲಿ ಗುರುತಿರುವ, ಕಣ್ಣಿಗೂ ಕಾಣುವ ಎರಡು ಜಾಗಗಳು ಸಾಕು: ಒಂದರಲ್ಲಿ ನಿಂತು ಇನ್ನೊಂದರ ಕಡೆಗೆ ಓದಿ, ನಕ್ಷೆಯ ಬೇರಿಂಗ್ ಜೊತೆ ಹೋಲಿಸಿ. ಒಂದು ಓದು ಸಾಲದು. ನಾಲ್ಕೈದು ಸಲ ಓದಿ ಸರಾಸರಿ ತೆಗೆಯಿರಿ.

ದಿಕ್ಪಾತ ಎರಡು ಡಿಗ್ರಿಯೊಳಗಿರುವ ಪ್ರದೇಶದಲ್ಲಿ ಈ ಪರೀಕ್ಷೆ ಏನನ್ನೂ ಹೇಳದು, ಏಕೆಂದರೆ ಫೋನಿನ ಓದು ತಾನೇ ಅದಕ್ಕಿಂತ ಹೆಚ್ಚು ಅಲುಗಾಡುತ್ತದೆ. ಅಲ್ಲಿ ಅದರಿಂದ ದೊಡ್ಡ ನಷ್ಟವೂ ಇಲ್ಲ. ಅಮೆರಿಕದ ವಾಯವ್ಯದ ಸಿಯಾಟಲ್ ಸುತ್ತ ದಿಕ್ಪಾತ ಸುಮಾರು 15 ಡಿಗ್ರಿ ಪೂರ್ವ, ಅದೇ ದೇಶದ ಈಶಾನ್ಯದ ಮೇಯ್ನ್‌ನಲ್ಲಿ ಸುಮಾರು ಅಷ್ಟೇ ಪಶ್ಚಿಮ, ನ್ಯೂಜಿಲೆಂಡಿನ ಬಹುಭಾಗದಲ್ಲಿ 20 ಡಿಗ್ರಿಗೂ ಮೇಲೆ ಪೂರ್ವ. ಇಂಥ ಕಡೆ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ.

ನಕ್ಷೆಯ ಬೇರಿಂಗ್ ಯಾವ ಉತ್ತರದ್ದು?

ಕಾಗದದ ನಕ್ಷೆಯಲ್ಲಿ ಕೋನಮಾಪಕವನ್ನು ಗ್ರಿಡ್ ಗೆರೆಗೆ ಹೊಂದಿಸಿ ಅಳೆದದ್ದು ಗ್ರಿಡ್ ಬೇರಿಂಗ್. ರೇಖಾಂಶದ ಗೆರೆಗೆ ಹೊಂದಿಸಿದ್ದರೆ ಅದು ನಿಜ ಬೇರಿಂಗ್. ಮೊಬೈಲಿನಲ್ಲಿ ನೋಡುವ ಸಾಮಾನ್ಯ ಆನ್‌ಲೈನ್ ನಕ್ಷೆಗಳಲ್ಲಿ ಮೇಲ್ಮುಖವಾಗಿರುವುದು ನಿಜ ಉತ್ತರವೇ ಆದ್ದರಿಂದ, ಕೆಲವು ಕಿಲೋಮೀಟರ್‌ಗಳ ದೂರಕ್ಕೆ ಅಲ್ಲಿ ಅಳೆದ ಬೇರಿಂಗ್ ಅನ್ನು ನಿಜ ಬೇರಿಂಗ್ ಎಂದೇ ಹಿಡಿಯಬಹುದು. ನಕ್ಷೆಯ ಆ್ಯಪ್ ಒಂದು ಗುರಿಯ ಕಡೆಗಿನ ಬೇರಿಂಗ್ ಅನ್ನು ಅಂಕಿಯಾಗಿಯೇ ಕೊಟ್ಟರೆ ಮಾತ್ರ ಅದರ ಸೆಟ್ಟಿಂಗ್ಸ್ ನೋಡಬೇಕು. ಅದನ್ನೂ ಕಾಂತೀಯವಾಗಿ ಕೊಡುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿ ಇರುತ್ತದೆ.

ಇನ್ನು ದಿಕ್ಪಾತದ ಅಂಕಿ. ಅದು ಸ್ಥಳದಿಂದ ಸ್ಥಳಕ್ಕೆ ಮಾತ್ರವಲ್ಲ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಭೂಮಿಯ ಹೊರ ತಿರುಳಿನಲ್ಲಿ ಹರಿದಾಡುವ ದ್ರವ ಕಬ್ಬಿಣವೇ ಕಾಂತಕ್ಷೇತ್ರದ ಮೂಲ. ಆ ಹರಿವು ಬದಲಾದಂತೆ ಸೂಜಿಯೂ ಸರಿಯುತ್ತದೆ. ಆದ್ದರಿಂದ ನಕ್ಷೆಯ ಅಂಚಿನಲ್ಲಿ ದಿಕ್ಪಾತದ ಪಕ್ಕದಲ್ಲೇ ಅದು ಯಾವ ವರ್ಷದ್ದು, ವರ್ಷಕ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನೂ ಅಚ್ಚು ಹಾಕಿರುತ್ತಾರೆ. ನಮ್ಮ ಬಳಿಯಿದ್ದ ನಕ್ಷೆಯಲ್ಲಿ 2003ಕ್ಕೆ 14° ಪೂರ್ವ, ವರ್ಷಕ್ಕೆ 6 ಮಿನಿಟು ಪಶ್ಚಿಮಕ್ಕೆ ಎಂದಿತ್ತು. ಇಲ್ಲಿ ಮಿನಿಟು ಎಂದರೆ ಡಿಗ್ರಿಯ ಅರುವತ್ತನೆಯ ಒಂದು ಪಾಲು. 2025ಕ್ಕೆ 22 ವರ್ಷ, 132 ಮಿನಿಟು, ಅಂದರೆ 2°12′. ಪೂರ್ವದ ದಿಕ್ಪಾತ ಪಶ್ಚಿಮಕ್ಕೆ ಸರಿದರೆ ಕಡಿಮೆಯಾಗುತ್ತದೆ, ಹಾಗಾಗಿ 14°ಯಲ್ಲಿ ಅದನ್ನು ಕಳೆದರೆ 11°48′. ಹನ್ನೆರಡು ಎಂದೇ ಹಿಡಿಯೋಣ.

ಹೀಗೆ 22 ವರ್ಷ ಮುಂದಕ್ಕೆ ಎಳೆಯುವುದು ಬೇರೆ ದಾರಿ ಇಲ್ಲದಾಗ ಮಾತ್ರ ಸರಿ. ವಾರ್ಷಿಕ ಬದಲಾವಣೆಯ ವೇಗವೂ ಬದಲಾಗುತ್ತಿರುತ್ತದೆ. ಇಂಟರ್ನೆಟ್ ಇರುವಾಗಲೇ ವಿಶ್ವ ಕಾಂತೀಯ ಮಾದರಿಯ ಕ್ಯಾಲ್ಕುಲೇಟರ್‌ನಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ಕೊಟ್ಟು ಅಂಕಿ ಪಡೆದು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆಯೂ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆಯೂ ಸೇರಿ ರೂಪಿಸುವ ಈ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿಸುತ್ತಾರೆ, ಈಗಿನದು 2025ರದು. ಉತ್ತರ ಕಾಂತೀಯ ಧ್ರುವ ಸೈಬೀರಿಯದ ಕಡೆಗೆ ಅಂದಾಜು ಮೀರಿ ಓಡಿದ್ದರಿಂದ 2019ರಲ್ಲಿ ಅವಧಿಗೆ ಮುನ್ನವೇ ಅದನ್ನು ತಿದ್ದಬೇಕಾಗಿ ಬಂತು.

ಕೆಲವು ನಕ್ಷೆಗಳು ದಿಕ್ಪಾತದ ಬದಲು ಗ್ರಿಡ್ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ನಡುವಿನ ಕೋನವನ್ನೇ ನೇರವಾಗಿ ಕೊಡುತ್ತವೆ. ಆಗ ಗ್ರಿಡ್ ಓರೆ ಅದರಲ್ಲೇ ಸೇರಿರುತ್ತದೆ, ಮತ್ತೆ ಸೇರಿಸಬಾರದು. ಅಂಕಿಯ ಪಕ್ಕದ ವಿವರಣೆಯನ್ನೂ ಮೂರು ಗೆರೆಗಳ ಚಿತ್ರವನ್ನೂ ನೋಡದೆ ಅಂಕಿಯನ್ನಷ್ಟೇ ಎತ್ತಿಕೊಳ್ಳಬೇಡಿ.

ಲೆಕ್ಕ

ಗ್ರಿಡ್ ಬೇರಿಂಗ್ G, ಗ್ರಿಡ್ ಓರೆ C, ನಿಜ ಬೇರಿಂಗ್ T, ದಿಕ್ಪಾತ D, ಕಾಂತೀಯ ಬೇರಿಂಗ್ M ಎಂದಿಟ್ಟುಕೊಂಡರೆ, ಪೂರ್ವವನ್ನು ಧನವಾಗಿ ಹಿಡಿದಾಗ:

```
T = G + C
M = T − D
```

ನಮ್ಮ ನಕ್ಷೆಯಲ್ಲಿ ಗ್ರಿಡ್ ಗೆರೆಯಿಂದ ಕೋಡಿಯ ಕಡೆಗೆ 64 ಡಿಗ್ರಿ. ಗ್ರಿಡ್ ಉತ್ತರ ನಿಜ ಉತ್ತರಕ್ಕಿಂತ 1 ಡಿಗ್ರಿ ಪೂರ್ವಕ್ಕಿತ್ತು. ನಿಜ ಬೇರಿಂಗ್ 64 + 1 = 65. ಫೋನು ನಿಜ ಉತ್ತರದಲ್ಲಿದ್ದರೆ ಲೆಕ್ಕ ಇಲ್ಲಿಗೆ ಮುಗಿಯಿತು: ಪರದೆಯಲ್ಲಿ 65 ಬರುವಂತೆ ತಿರುಗಿ ನಡೆಯಬೇಕು. ಫೋನು ಕಾಂತೀಯದಲ್ಲಿದ್ದರೆ ಇನ್ನೊಂದು ಹೆಜ್ಜೆ ಇದೆ: 65 − 12 = 53. ಎರಡು ಅಂಕಿಗಳೂ ನೆಲದ ಮೇಲೆ ಒಂದೇ ದಿಕ್ಕು.

ದಿಕ್ಪಾತ ಪಶ್ಚಿಮವಾಗಿದ್ದರೆ ಋಣದ ಋಣ ಧನವಾಗುತ್ತದೆ. 9 ಡಿಗ್ರಿ ಪಶ್ಚಿಮವಿರುವಲ್ಲಿ ನಿಜ ಬೇರಿಂಗ್ 65 ಇದ್ದರೆ ಕಾಂತೀಯ ಬೇರಿಂಗ್ 74. ನಕ್ಷೆಯಿಂದ ಸೂಜಿಗೆ ಬರುವಾಗ ಪೂರ್ವಕ್ಕೆ ಕಳೆಯಿರಿ, ಪಶ್ಚಿಮಕ್ಕೆ ಕೂಡಿ. ಸೂಜಿಯಿಂದ ನಕ್ಷೆಗೆ ಹೋಗುವಾಗ ಇದು ತಿರುವುಮುರುವು. ಬಾಯಿಪಾಠ ಮಳೆಯಲ್ಲಿ ಮರೆತುಹೋಗುತ್ತದೆ, ಹಾಗಾಗಿ ನಾನು ನಕ್ಷೆಯ ಮೂಲೆಯಲ್ಲಿ ಎರಡು ಬಾಣಗಳನ್ನು ಬರೆದುಕೊಳ್ಳುತ್ತೇನೆ: ನೇರ ನಿಂತದ್ದು ನಿಜ ಉತ್ತರ, ಬಲಕ್ಕೋ ಎಡಕ್ಕೋ ವಾಲಿದ್ದು ಕಾಂತೀಯ. ಗುರಿಯ ಗೆರೆಯನ್ನೂ ಎಳೆದರೆ, ಯಾವ ಬಾಣದಿಂದ ಕೋನ ದೊಡ್ಡದು ಎಂಬುದು ಕಣ್ಣಿಗೇ ಕಾಣುತ್ತದೆ. ಕಳೆದಾಗ ಸೊನ್ನೆಗಿಂತ ಕೆಳಗಿಳಿದರೆ 360 ಸೇರಿಸಿ: 5 − 12 ಎಂದರೆ 353.

ಈಗ ನನ್ನ ತಪ್ಪಿನ ಅಳತೆ. ಫೋನು ನಿಜ ಉತ್ತರದಲ್ಲಿರುವಾಗ 53 ಹಿಡಿದದ್ದರಿಂದ 12 ಡಿಗ್ರಿ ಎಡಕ್ಕೆ ಸರಿದೆ, 1.8 ಕಿಲೋಮೀಟರ್ ನಡೆದಾಗ ಕೋಡಿಯಿಂದ ಸುಮಾರು 375 ಮೀಟರ್ ದೂರ ಉಳಿದೆ. ಕಾಂತೀಯದಲ್ಲಿದ್ದ ಫೋನಿನಲ್ಲಿ ತಿದ್ದದೆ 65 ಹಿಡಿದಿದ್ದರೆ ಅಷ್ಟೇ ದೂರ ಬಲಕ್ಕೆ ಹೋಗುತ್ತಿದ್ದೆ. ಕಾಂತೀಯದಲ್ಲಿರುವಾಗ ಕಳೆಯುವ ಬದಲು ಕೂಡಿಸಿ 77 ಹಿಡಿದಿದ್ದರೆ ತಪ್ಪು 24 ಡಿಗ್ರಿ, ದೂರ ಸುಮಾರು 750 ಮೀಟರ್. ತಪ್ಪಿನ ಗಾತ್ರದಿಂದಲೇ ಅದರ ಮೂಲವನ್ನು ಗುರುತಿಸಬಹುದು ಎಂಬುದು ಇಲ್ಲಿರುವ ಉಪಯೋಗ. ದಾರಿಯಲ್ಲಿ ಗುರುತಾದ ಒಂದು ಜಾಗ ಸಿಕ್ಕಾಗ, ನಡೆದ ದಾರಿಗೂ ಬೇಕಾದ ದಾರಿಗೂ ನಡುವಿನ ಕೋನವನ್ನು ನಕ್ಷೆಯಲ್ಲಿ ಅಳೆಯಿರಿ. ಅದು ದಿಕ್ಪಾತದಷ್ಟೇ ಇದ್ದರೆ ತಿದ್ದುಪಡಿ ಬಿಟ್ಟುಹೋಗಿದೆ ಅಥವಾ ಎರಡು ಸಲ ಆಗಿದೆ. ಅದರ ಎರಡರಷ್ಟಿದ್ದರೆ ಚಿಹ್ನೆ ತಲೆಕೆಳಗಾಗಿದೆ. ಎರಡಕ್ಕೂ ಹೊಂದದಿದ್ದರೆ ಕಾರಣ ಬೇರೆ.

ಬರೆದುಕೊಳ್ಳುವಾಗ ಬರೀ 53 ಎಂದು ಬರೆಯಬೇಡಿ. 53 ಕಾಂ, 65 ನಿ ಎಂದು ಪಕ್ಕದಲ್ಲೊಂದು ಅಕ್ಷರ ಸೇರಿಸಿ. ಗುಂಪಿನಲ್ಲಿ ಒಬ್ಬರ ಕೈಯಲ್ಲಿ ಸೂಜಿ, ಇನ್ನೊಬ್ಬರ ಕೈಯಲ್ಲಿ ಫೋನು ಇದ್ದಾಗ ಬಾಯಲ್ಲಿ ಹೇಳುವಾಗಲೂ ಹೀಗೆಯೇ ಹೇಳಬೇಕು.

ನೆಲದಿಂದ ನಕ್ಷೆಗೆ

ನಿಂತ ಜಾಗ ಯಾವುದೆಂದು ತಿಳಿಯಲು ದೂರದ ಶಿಖರದ ಕಡೆಗೆ ಬೇರಿಂಗ್ ತೆಗೆದುಕೊಂಡಾಗ ಲೆಕ್ಕ ಹಿಂದಕ್ಕೆ ನಡೆಯುತ್ತದೆ. ಕಾಂತೀಯದಲ್ಲಿರುವ ಫೋನು 310 ತೋರಿಸಿತು ಎನ್ನಿ. ನಿಜ ಬೇರಿಂಗ್ 310 + 12 = 322, ಗ್ರಿಡ್ ಬೇರಿಂಗ್ 322 − 1 = 321. ನಾವು ಶಿಖರದಿಂದ ಎದುರು ದಿಕ್ಕಿನಲ್ಲಿದ್ದೇವೆ, ಆದ್ದರಿಂದ 180 ಕಳೆದು 141. ಶಿಖರದ ಗುರುತಿನಿಂದ ಗ್ರಿಡ್ ಗೆರೆಗೆ 141 ಡಿಗ್ರಿಯಲ್ಲಿ ಗೆರೆ ಎಳೆದರೆ ನಾವು ಅದರ ಮೇಲೆಲ್ಲೋ ಇದ್ದೇವೆ. ಇನ್ನೊಂದು ಗುರುತಿನಿಂದಲೂ ಹೀಗೆಯೇ ಎಳೆದರೆ ಎರಡೂ ಕೂಡುವಲ್ಲಿ ನಾವಿರಬೇಕು. ಫೋನು ನಿಜ ಉತ್ತರದಲ್ಲಿದ್ದರೆ ಮೊದಲ ಕೂಡಿಕೆ ಬೇಡ, ಅಷ್ಟೇ ವ್ಯತ್ಯಾಸ.

ಸಂವೇದಕವೇ ತಪ್ಪಿದಾಗ

ದಿಕ್ಪಾತವನ್ನು ಎಷ್ಟೇ ಅಚ್ಚುಕಟ್ಟಾಗಿ ತಿದ್ದಿದರೂ ಫೋನಿನೊಳಗಿನ ಕಾಂತಮಾಪಕ ಐದು ಡಿಗ್ರಿ ತಪ್ಪುವುದು ಅಪರೂಪವಲ್ಲ. ಫೋನಿನ ಕವಚದಲ್ಲಿರುವ ಅಯಸ್ಕಾಂತ, ಜೇಬಿನ ಇಯರ್‌ಫೋನ್ ಡಬ್ಬಿ, ಹತ್ತಿರದ ಕಾರು, ಕಬ್ಬಿಣದ ಬೇಲಿ ಇವೆಲ್ಲ ಅದಕ್ಕಿಂತ ಹೆಚ್ಚು ಕೆಡಿಸಬಲ್ಲವು. ಕವಚ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ, ಆಮೇಲೆ ಚಪ್ಪಟೆಯಾಗಿ ಹಿಡಿದು ಓದಿ.

ಸುತ್ತಲಿನ ಬಂಡೆಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಸೂಜಿಯೂ ಫೋನೂ ಒಟ್ಟಿಗೆ ದಾರಿ ತಪ್ಪುತ್ತವೆ. ದಿಕ್ಪಾತದ ಮಾದರಿ ಲೆಕ್ಕ ಹಾಕುವುದು ಭೂಮಿಯ ಒಳಗಿನಿಂದ ಬರುವ ದೊಡ್ಡ ಕ್ಷೇತ್ರವನ್ನು, ಕಾಲ ಕೆಳಗಿನ ಬಂಡೆಯನ್ನಲ್ಲ. ಹಾಗಾಗಿ ನಿಜ ಉತ್ತರದ ಆಯ್ಕೆ ಇದನ್ನು ಸರಿಪಡಿಸಲಾರದು. ಪತ್ತೆ ಹಚ್ಚುವುದು ಸುಲಭ. ನೂರು ಹೆಜ್ಜೆ ದೂರದ ಗೆಳೆಯನ ಕಡೆಗೆ ನೀವು ಓದಿ, ಅವನು ಅದೇ ಫೋನಿನಲ್ಲಿ ಅಲ್ಲಿಂದ ನಿಮ್ಮ ಕಡೆಗೆ ಓದಲಿ. ಎರಡರ ವ್ಯತ್ಯಾಸ 180ಕ್ಕಿಂತ ಬಹಳ ಬೇರೆಯಾದರೆ ಎರಡರಲ್ಲೊಂದು ಜಾಗ ಕೆಟ್ಟಿದೆ.

ನಡೆಯುವಾಗ ನಕ್ಷೆಯ ಆ್ಯಪ್ ತೋರಿಸುವ ಚಲನೆಯ ದಿಕ್ಕು ಬೇರೆಯೇ ಸಂಗತಿ. ಅದನ್ನು ಜಿಪಿಎಸ್‌ನಿಂದ ಸಿಕ್ಕ ಒಂದರ ಹಿಂದೊಂದು ಸ್ಥಾನಗಳಿಂದ ಲೆಕ್ಕ ಹಾಕಿದ್ದರೆ ಕಾಂತಕ್ಷೇತ್ರದ ಹಂಗೇ ಇಲ್ಲ. ನಿಂತ ತಕ್ಷಣ ಬಾಣ ಗಿರ್ರನೆ ತಿರುಗಿದರೆ, ಆ್ಯಪ್ ಮತ್ತೆ ಕಾಂತಮಾಪಕಕ್ಕೆ ಮರಳಿರುವ ಸಾಧ್ಯತೆ ಹೆಚ್ಚು. ದಿಕ್ಸೂಚಿಯ ಬಗ್ಗೆ ಅನುಮಾನ ಬಂದಾಗ ಬಯಲಿನಲ್ಲಿ ನೂರು ಮೀಟರ್ ನೇರ ನಡೆದು ಈ ಅಂಕಿಯೊಂದಿಗೆ ಹೋಲಿಸಬಹುದು.

ಐದು ಡಿಗ್ರಿ ತಪ್ಪು ಉಳಿದೇ ಉಳಿಯುತ್ತದೆ ಎಂದು ಒಪ್ಪಿಕೊಂಡರೆ 1.8 ಕಿಲೋಮೀಟರ್‌ಗೆ ಅದು ಸುಮಾರು 160 ಮೀಟರ್. ಮಂಜಿನಲ್ಲಿ ಸರೋವರದ ದಡ ತಲುಪಿದವನಿಗೆ ಕೋಡಿ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುವುದಿಲ್ಲ. ಅದಕ್ಕೆ ಬೇಕೆಂದೇ ಒಂದು ಪಕ್ಕಕ್ಕೆ ಗುರಿಯಿಡಬೇಕು, ಆ ಸರಿತ ಫೋನಿನ ತಪ್ಪಿಗಿಂತ ತುಸು ಹೆಚ್ಚಿರಬೇಕು. ಎರಡನೆಯ ಸಲ ಅದೇ ಬಯಲಿಗೆ ಹೋದಾಗ ನಿಜ ಉತ್ತರದಲ್ಲಿದ್ದ ಫೋನಿನಲ್ಲಿ 65ರ ಬದಲು 71 ಹಿಡಿದೆವು. ಗೆಳೆಯ ತನ್ನ ಸೂಜಿಯಲ್ಲಿ 59 ಹಿಡಿದು ಪಕ್ಕದಲ್ಲೇ ನಡೆದ. ದಡ ಸಿಕ್ಕ ಕೂಡಲೇ ಎಡಕ್ಕೆ ತಿರುಗಿದೆವು. ಕೋಡಿಯ ನೀರಿನ ಸದ್ದು ಕೇಳಿಸಲು ಇನ್ನೂರು ಹೆಜ್ಜೆಯೂ ಬೇಕಾಗಲಿಲ್ಲ.